ವಾಷಿಂಗ್ ಮೆಷಿನ್ನಿನ ಒಂದು ಪುಟ, ಮೂರು ಬಗೆಯ ‘ಡೇಂಜರ್’

ಹೋದ ಮಳೆಗಾಲದಲ್ಲಿ ಗುತ್ತಿಗಾರಿನ ದೊಡ್ಡಮ್ಮನಿಂದ ವಾಟ್ಸಾಪಿಗೆ ಒಂದು ಫೋಟೋ ಬಂತು. ವಾಷಿಂಗ್ ಮೆಷಿನ್ನಿನ ಮ್ಯಾನುವಲ್‌ನ ಒಂದು ಪುಟ. ಪುಟ ಓರೆ, ಮೇಲಿನ ಮೂಲೆಯಲ್ಲಿ ಟ್ಯೂಬ್‌ಲೈಟಿನ ಬಿಳಿ ಪಟ್ಟೆ, ಕೆಳಗಿನ ಕೊನೆಯ ಸಾಲು ಹೆಬ್ಬೆರಳಿನ ಅಡಿಯಲ್ಲಿ. ಜೊತೆಗೆ ಒಂದು ವಾಯ್ಸ್ ಮೆಸೇಜು: “ಇದ್ರಲ್ಲಿ ಎಂತ ಬರ್ದಿದೆ ಅಂತ ಕನ್ನಡದಲ್ಲಿ ಬರ್ದು ಕಳ್ಸು ಮಾರಾಯ. ಮೆಷಿನು ‘ಒಂದು ಇ’ ಅಂತ ತೋರಿಸಿ ಸುಮ್ನೆ ಕೂತಿದೆ.”

ಒಂದು ಪುಟ ತಾನೆ, ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಮೂರು ರಾತ್ರಿ ಹಿಡಿಯಿತು. ಯಾಕೆ ಅಂದ್ರೆ ಆ ಪುಟದಲ್ಲಿ ಇಂಗ್ಲಿಷ್ ಒಂದೇ ಇರಲಿಲ್ಲ. ವಾಕ್ಯಗಳಿದ್ದವು, ಚಿತ್ರಗಳಿದ್ದವು, IE, OE, UE, dE ಅಂತ ಎರಡೆರಡು ಅಕ್ಷರದ ಸಂಕೇತಗಳಿದ್ದವು. ಈ ಮೂರಕ್ಕೂ ಬೇರೆ ಬೇರೆ ಚರಿತ್ರೆ ಇದೆ, ಮೂರನ್ನೂ ಒಂದೇ ರೀತಿ ಅನುವಾದ ಮಾಡಿದರೆ ಯಡವಟ್ಟಾಗುತ್ತದೆ.

ಮೊದಲಿಗೆ, ಮ್ಯಾನುವಲ್‌ನಲ್ಲಿ ಕನ್ನಡ ಯಾಕಿಲ್ಲ ಅನ್ನುವ ಪ್ರಶ್ನೆ. ನಮ್ಮೂರಿನ ಟ್ರಾನ್ಸ್‌ಫಾರ್ಮರ್ ಕಂಬ ನೆನಪು ಮಾಡಿಕೊಳ್ಳಿ. ತಲೆಬುರುಡೆ, ಅಡ್ಡಡ್ಡ ಎರಡು ಎಲುಬು, ‘11000 ವೋಲ್ಟ್ಸ್’, ಪಕ್ಕದಲ್ಲಿ ‘ಅಪಾಯ’. ಆ ಕನ್ನಡ ಪದ ಯಾರದೋ ಭಾಷಾಭಿಮಾನದಿಂದ ಅಲ್ಲಿಗೆ ಬಂದದ್ದಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 35ನೇ ನಿಯಮ ಹಾಗೆ ಹೇಳುತ್ತಿತ್ತು. ಎಚ್ಚರಿಕೆ ಫಲಕ ಹಿಂದಿ ಅಥವಾ ಇಂಗ್ಲಿಷಿನಲ್ಲೂ, ಆ ಜಿಲ್ಲೆಯ ಭಾಷೆಯಲ್ಲೂ ಇರಬೇಕು, ಜೊತೆಗೆ ತಲೆಬುರುಡೆ ಮತ್ತು ಎಲುಬಿನ ಗುರುತು ಇರಬೇಕು. ಆ ನಿಯಮಗಳ ಜಾಗಕ್ಕೆ 2010ರಲ್ಲಿ ಹೊಸತು ಬಂದಾಗಲೂ ಈ ಮಾತು ಉಳಿಯಿತು. ಕೀಟನಾಶಕದ ಡಬ್ಬಕ್ಕೂ ಹಾಗೆಯೇ. 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲೂ ಒಳಗಿನ ಚೀಟಿಯೂ ಹಿಂದಿ, ಇಂಗ್ಲಿಷ್ ಮತ್ತು ಮಾರಾಟವಾಗುವ ಊರಿನ ಒಂದೆರಡು ಭಾಷೆಗಳಲ್ಲಿ ಇರಬೇಕು.

ಆದರೆ ಮನೆಯೊಳಗೆ ಬರುವ ಪೆಟ್ಟಿಗೆಯ ವಿಷಯಕ್ಕೆ ಬಂದರೆ ಕಥೆಯೇ ಬೇರೆ. ಪ್ಯಾಕ್ ಮಾಡಿದ ಸರಕಿನ ಮೇಲೆ ಬರೆಯುವ ವಿವರಗಳ ಬಗ್ಗೆ 2011ರ ಲೀಗಲ್ ಮೆಟ್ರಾಲಜಿ ನಿಯಮ ಇದೆ. ಅದರಂತೆ ವಿವರಗಳು ದೇವನಾಗರಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆಯನ್ನು ಬೇಕಾದರೆ ಸೇರಿಸಬಹುದು, ಅಷ್ಟೇ. ಅಂದರೆ ಕಂಬದ ಮೇಲಿನ ಕರೆಂಟು ಕನ್ನಡ ಮಾತಾಡಲೇಬೇಕು, ಅದೇ ಕರೆಂಟು ತಂತಿಯಲ್ಲಿ ಇಳಿದು ದೊಡ್ಡಮ್ಮನ ಬಚ್ಚಲುಕೋಣೆಗೆ ಬಂದ ಮೇಲೆ ಇಂಗ್ಲಿಷ್ ಮಾತಾಡಿದರೂ ನಡೆಯುತ್ತದೆ! ಕಂಬವನ್ನು ಮುಟ್ಟುವವನು ಲೈನ್‌ಮ್ಯಾನ್, ಮೆಷಿನ್ ಮುಟ್ಟುವವಳು ದೊಡ್ಡಮ್ಮ, ದಿನಾ, ಒದ್ದೆ ಕೈಯಲ್ಲಿ.

ಈಗ ಪುಟದ ಮೊದಲ ಪದಕ್ಕೆ ಬರೋಣ. ಮೇಲ್ಗಡೆ ಒಂದು ಚೌಕದಲ್ಲಿ ‘ವಾರ್ನಿಂಗ್’ ಅಂತಿತ್ತು, ಅದರ ಕೆಳಗಿನ ಚೌಕದಲ್ಲಿ ‘ಕಾಷನ್’. ಮೊದಲ ರಾತ್ರಿ ಎರಡಕ್ಕೂ ಕೈಗೆ ಬಂದ ಪದ ‘ಎಚ್ಚರಿಕೆ’. ಕನ್ನಡದ ಬಹಳಷ್ಟು ಲೇಬಲ್ಲುಗಳಲ್ಲೂ ಹಾಗೇ ಇರುತ್ತದೆ. ಆದರೆ ಈ ಪದಗಳು ಬರೀ ಹೆದರಿಸಲಿಕ್ಕೆ ಇರುವವಲ್ಲ, ಅವು ಮೆಟ್ಟಿಲುಗಳು. ಅಮೆರಿಕದ ಆನ್ಸಿ ಝಡ್535 ಅನ್ನುವ ಮಾನಕಗಳು 1991ರಲ್ಲಿ ಇವನ್ನು ಗಟ್ಟಿ ಮಾಡಿದವು. ‘ಡೇಂಜರ್’ ಅಂದರೆ ತಪ್ಪಿದರೆ ಸಾವು ಅಥವಾ ದೊಡ್ಡ ಗಾಯ ಆಗಿಯೇ ಆಗುತ್ತದೆ. ‘ವಾರ್ನಿಂಗ್’ ಅಂದರೆ ಸಾವು ಅಥವಾ ದೊಡ್ಡ ಗಾಯ ಆಗಬಹುದು. ‘ಕಾಷನ್’ ಅಂದರೆ ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು. ಎರಡನೆಯದಕ್ಕೂ ಮೂರನೆಯದಕ್ಕೂ ಒಂದೇ ‘ಎಚ್ಚರಿಕೆ’ ಹಾಕಿದರೆ, ಕರೆಂಟ್ ಹೊಡೆದು ಸಾಯುವುದೂ ಮುಚ್ಚಳಕ್ಕೆ ಬೆರಳು ಸಿಕ್ಕಿ ನೋಯುವುದೂ ಒಂದೇ ಮೆಟ್ಟಿಲಲ್ಲಿ ನಿಲ್ಲುತ್ತವೆ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಅಡಿಕೆ ತೋಟದ ಮನೆಯವರು ಮ್ಯಾನುವಲ್ ಓದುವ ಎಷ್ಟೋ ಮೊದಲೇ ಮದ್ದಿನ ಡಬ್ಬ ಓದಿದವರು. ಡಬ್ಬದ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕ ಇರುತ್ತದಲ್ಲ, ಕೆಳಗಿನ ಅರ್ಧಕ್ಕೆ ಬಣ್ಣ ಬಳಿದದ್ದು. ಕೆಂಪಿದ್ದರೆ ಅತಿ ಘೋರ ವಿಷ, ತಲೆಬುರುಡೆ ಮತ್ತು ‘ಪಾಯ್ಸನ್’. ಹಳದಿಗೂ ‘ಪಾಯ್ಸನ್’. ನೀಲಿಗೆ ‘ಡೇಂಜರ್’. ಹಸಿರಿಗೆ ‘ಕಾಷನ್’. ಗಮನಿಸಿ, ಇಲ್ಲಿ ‘ಡೇಂಜರ್’ ಅನ್ನುವುದು ಮೇಲಿಂದ ಮೂರನೆಯ ಮೆಟ್ಟಿಲು, ಅಂದರೆ ಮಧ್ಯಮ ವಿಷ. ಮೆಷಿನ್ನಿನ ಲೋಕದಲ್ಲಿ ಅದೇ ಪದ ಎಲ್ಲಕ್ಕಿಂತ ಮೇಲಿನದು. ಕಂಬದ ಮೇಲೆ ಮೆಟ್ಟಿಲೇ ಇಲ್ಲ, ಒಂದೇ ‘ಡೇಂಜರ್’, ಮುಟ್ಟಿದರೆ ಮುಗಿಯಿತು. ಒಂದು ಪದ, ಮೂರು ತೂಕ. ಪದಕ್ಕೆ ಪದ ಇಟ್ಟು ಅನುವಾದ ಮಾಡುವವನಿಗೆ ಇದು ಕಾಣುವುದೇ ಇಲ್ಲ. ಕೊನೆಗೆ ನಾನು ಮಾಡಿದ್ದು ಇಷ್ಟು: ‘ವಾರ್ನಿಂಗ್’ ಇದ್ದಲ್ಲಿ ‘ಜೀವಕ್ಕೆ ಅಪಾಯ ಆಗಬಹುದು’, ‘ಕಾಷನ್’ ಇದ್ದಲ್ಲಿ ‘ಜಾಗ್ರತೆ, ಪೆಟ್ಟಾಗಬಹುದು’. ಪದದ ಬದಲು ಮೆಟ್ಟಿಲನ್ನೇ ಅನುವಾದ ಮಾಡಿದ ಹಾಗೆ.

ಇನ್ನು ಚಿತ್ರಗಳು. ಚಿತ್ರಕ್ಕೆ ಅನುವಾದ ಬೇಡ, ಎಲ್ಲರಿಗೂ ಅರ್ಥ ಆಗುತ್ತದೆ ಅಂತ ನಾವು ಇಂಜಿನಿಯರುಗಳು ಲೆಕ್ಕ ಹಾಕಿಬಿಟ್ಟಿರುತ್ತೇವೆ. ತಲೆಬುರುಡೆಯ ಕಥೆ ಕೇಳಿದರೆ ಅದು ಸುಳ್ಳು ಅಂತ ಗೊತ್ತಾಗುತ್ತದೆ. ವಿಷದ ಬಾಟಲಿಗಳಿಗೆ ಅದನ್ನು ಹಚ್ಚುವ ರೂಢಿ ಹತ್ತೊಂಬತ್ತನೇ ಶತಮಾನದ್ದು. ಆದರೆ 1971ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯವರು ಅದನ್ನು ಬಿಟ್ಟು ನಾಲಗೆ ಹೊರಚಾಚಿದ ಹಸಿರು ಮುಖವೊಂದನ್ನು ತಂದರು, ‘ಮಿಸ್ಟರ್ ಯಕ್’ ಅಂತ ಹೆಸರು. ಯಾಕೆ ಅಂದ್ರೆ ಅಲ್ಲಿನ ಮಕ್ಕಳಿಗೆ ತಲೆಬುರುಡೆ ಕಂಡರೆ ಕಡಲ್ಗಳ್ಳರ ಬಾವುಟ ನೆನಪಾಗುತ್ತಿತ್ತು, ಹೆದರಿಕೆ ಬದಲು ಖುಷಿ! ನಮ್ಮಲ್ಲಿ ಮಿಸ್ಟರ್ ಯಕ್ ತಂದಿದ್ದರೆ ಮಕ್ಕಳು ಮಹಿಷಾಸುರನ ವೇಷ ಅಂತ ಹತ್ತಿರ ಹೋಗುತ್ತಿದ್ದರೋ ಏನೋ :-)

ದೊಡ್ಡಮ್ಮನ ಪುಟದಲ್ಲಿ ತ್ರಿಕೋನದೊಳಗೆ ಮಿಂಚಿನ ಬಾಣ ಇತ್ತು. ಅದರ ಅರ್ಥ ಏನು ಅಂತ ಫೋನ್ ಮಾಡಿ ಕೇಳಿದೆ. “ಗುಡುಗು ಸಿಡಿಲು ಬರುವಾಗ ಮೆಷಿನ್ ಹಾಕ್ಬಾರ್ದು ಅಂತ” ಅಂದರು. ನಗು ಬಂತು, ಆಮೇಲೆ ನಗು ನಿಂತಿತು. ಸುಳ್ಯ, ಕಡಬದ ಕಡೆ ಏಪ್ರಿಲ್ ಮೇ ತಿಂಗಳ ಸಂಜೆ ಸಿಡಿಲು ಹೇಗಿರುತ್ತದೆ ಅಂತ ಗೊತ್ತಿದ್ದವರು ಬೇರೆ ಹೇಗೆ ಓದಬೇಕು? ಆಕಾಶ ಕಪ್ಪಾದ ಕೂಡಲೇ ಟಿವಿ, ಫ್ರಿಜ್ಜು, ಮೋಡೆಮ್ಮು ಎಲ್ಲದರ ಪ್ಲಗ್ ಕೀಳುವ ಮನೆಗಳವು. ಆ ಅಭ್ಯಾಸ ಒಳ್ಳೆಯದೇ. ಆದರೆ ಚಿತ್ರ ಹೇಳುವುದು ಅದನ್ನಲ್ಲ. ‘ಈ ಮುಚ್ಚಳದ ಹಿಂದೆ ಜೀವ ತೆಗೆಯುವಷ್ಟು ವೋಲ್ಟೇಜ್ ಇದೆ, ತೆಗೆಯಬೇಡಿ’ ಅನ್ನುವುದು ಅದರ ಮಾತು. ಬಿಸಿಲಿನ ದಿನವೂ ಅದು ನಿಜ. ಸಿಡಿಲು ಅಂತ ಓದಿಕೊಂಡವರು ಜನವರಿಯಲ್ಲಿ ಧೈರ್ಯವಾಗಿ ಹಿಂದಿನ ಮುಚ್ಚಳ ಬಿಚ್ಚಿಯಾರು.

ಫೋಟೋ ಕಪ್ಪು ಬಿಳುಪು, ಮ್ಯಾನುವಲ್ಲೇ ಹಾಗೆ ಮುದ್ರಣ ಆಗಿತ್ತು. ಬಣ್ಣ ಇಲ್ಲದಿದ್ದರೂ ಗುರುತು ಹಿಡಿಯಬಹುದು, ಅದಕ್ಕೆ ಕಾರಣ 1984ರಲ್ಲಿ ಬಂದ ಐಎಸ್‌ಒ 3864 ಅನ್ನುವ ಅಂತಾರಾಷ್ಟ್ರೀಯ ಮಾನಕ. ಅದು ಬಣ್ಣದ ಜೊತೆಗೆ ಆಕಾರಕ್ಕೂ ಅರ್ಥ ಕೊಟ್ಟಿದೆ. ತ್ರಿಕೋನ ಅಂದರೆ ಇಲ್ಲಿ ಅಪಾಯ ಇದೆ. ಎಡ ಮೇಲಿನಿಂದ ಬಲ ಕೆಳಕ್ಕೆ ಗೀಟೆಳೆದ ವೃತ್ತ ಅಂದರೆ ಮಾಡಬೇಡಿ. ತುಂಬಿದ ವೃತ್ತ ಅಂದರೆ ಇದನ್ನು ಮಾಡಲೇಬೇಕು. ದೊಡ್ಡಮ್ಮನ ಪುಟದಲ್ಲಿ ತುಂಬಿದ ಕಪ್ಪು ವೃತ್ತದೊಳಗೆ ಪ್ಲಗ್ ಕೀಳುವ ಕೈ ಇತ್ತು. ಗೀಟೆಳೆದದ್ದೂ ವೃತ್ತ, ಇದೂ ವೃತ್ತ, ಅದೂ ಮಸುಕು ಫೋಟೋದಲ್ಲಿ. ‘ಪ್ಲಗ್ ಕೀಳಬೇಡಿ’ ಅಂತ ಓದಿದರೆ ಪೂರ್ತಿ ಉಲ್ಟಾ. ಹಾಗಾಗಿ ಅಂಥ ಫೋಟೋ ಬಂದರೆ ಮೊದಲು ಝೂಮ್ ಮಾಡಿ ಗೀಟು ಇದೆಯೋ ಇಲ್ಲವೋ ನೋಡಬೇಕು. ಅನುಮಾನ ಬಂದರೆ ಇನ್ನೊಂದು ಫೋಟೋ ಕೇಳಬೇಕು, ಊಹಿಸಬಾರದು. ಗಾಲಿ ಇರುವ ಕಸದ ಡಬ್ಬಕ್ಕೆ ಕತ್ತರಿ ಹಾಕಿದ ಚಿತ್ರವೂ ಇತ್ತು. ಮೆಷಿನ್ ಹತ್ತಿರ ಕಸದ ಬುಟ್ಟಿ ಇಡಬಾರದು ಅಂತ ದೊಡ್ಡಮ್ಮ ಅದನ್ನು ಅಂಗಳಕ್ಕೆ ದಾಟಿಸಿದ್ದರು. ಹಾಳಾದ ಮೇಲೆ ಮೆಷಿನ್ನನ್ನು ಮಾಮೂಲಿ ಕಸದ ಜೊತೆ ಎಸೆಯಬೇಡಿ, ಇ-ತ್ಯಾಜ್ಯಕ್ಕೆ ಕೊಡಿ ಅನ್ನುವುದು ಅದರ ಅರ್ಥ. ಇದರಿಂದ ತೊಂದರೆ ಏನೂ ಆಗಲಿಲ್ಲ, ಬಚ್ಚಲು ಚೊಕ್ಕ ಆಯಿತು.

ವಾಕ್ಯಗಳಲ್ಲಿ ನನಗೆ ಹೆಚ್ಚು ಹೊತ್ತು ಹಿಡಿದದ್ದು ಒಂದೇ ಒಂದು: ಈ ಉಪಕರಣವನ್ನು ‘ಅರ್ತ್’ ಮಾಡಿರಬೇಕು, ಅಡಾಪ್ಟರ್ ಬಳಸಬಾರದು ಅನ್ನುವುದು. ಪಠ್ಯಪುಸ್ತಕದ ಕನ್ನಡದಲ್ಲಿ ‘ಭೂಸಂಪರ್ಕ ಕಲ್ಪಿಸತಕ್ಕದ್ದು’. ಪುತ್ತೂರು ಪೇಟೆಯ ಯಾವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಭೂಸಂಪರ್ಕ ಬೇಕು ಅಂದರೂ ಅವನು ಜಾಗದ ದಲ್ಲಾಳಿಯ ನಂಬರ್ ಕೊಟ್ಟಾನು. ಎಲ್ಲರೂ ಹೇಳುವುದು ಅರ್ತಿಂಗ್, ಅರ್ತ್ ವಯರ್ ಅಂತಲೇ. ಹಾಗಾಗಿ ಅದನ್ನೇ ಇಟ್ಟುಕೊಂಡೆ. ಆದರೆ ಪದ ಸಿಕ್ಕಿದ ಮಾತ್ರಕ್ಕೆ ಕೆಲಸ ಆಗಲಿಲ್ಲ, ಮಾಡಬೇಕಾದ್ದನ್ನು ಹೇಳಬೇಕಿತ್ತು. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ಪಿನ್ ದಪ್ಪ ಮತ್ತು ಉದ್ದ. ಚುಚ್ಚುವಾಗ ಅದು ಮೊದಲು ತಾಗುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಒಳಗೆ ವಯರ್ ಕಿತ್ತು ಮೆಷಿನ್ನಿನ ತಗಡಿಗೆ ಕರೆಂಟ್ ಬಂದರೆ ಅದನ್ನು ನೆಲಕ್ಕೆ ಸಾಗಿಸುವ ದಾರಿ ಆ ಪಿನ್. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಆ ಪುಟ್ಟ ಬಿಳಿ ಅಡಾಪ್ಟರ್ ಹಾಕಿದರೆ ದಾರಿ ಅಲ್ಲೇ ಕಡಿಯುತ್ತದೆ. ಮೆಷಿನ್ ಮಾತ್ರ ಚೆನ್ನಾಗಿಯೇ ತಿರುಗುತ್ತದೆ, ಅದೇ ಕಷ್ಟ! ದೊಡ್ಡಮ್ಮನ ಮನೆಯಲ್ಲಿ ಅಡಾಪ್ಟರ್ ಇತ್ತು. ಸಾಕೆಟ್ಟಿನ ಫೋಟೋ ಕಳಿಸಿ ಅಂದಾಗ ಗೊತ್ತಾಯಿತು.

ವಿಷಯ ತಿಳಿಸುವ ಕನ್ನಡವೂ ಕೆಲಸ ಹೇಳುವ ಕನ್ನಡವೂ ಬೇರೆ ಬೇರೆ. ಎರಡಕ್ಕೂ ಪುತ್ತೂರಿನಲ್ಲೇ ಒಳ್ಳೆಯ ಮಾದರಿಗಳಿವೆ. ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದಾಗಲೇ 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದರು, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’. ಒಂದು ವಸ್ತು ಏನು, ಹೇಗೆ ಅಂತ ವಿವರಿಸುವ ಗದ್ಯ ಅದು. 1988ರಲ್ಲಿ ಅದೇ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಪೆನ್ನು ಕೊಟ್ಟಿತು. ಮಾಡಿ ನೋಡಿದವನು ಇನ್ನೊಬ್ಬ ಮಾಡುವವನಿಗೆ ಬರೆಯುವ ಗದ್ಯ. ಮ್ಯಾನುವಲ್‌ಗೆ ಬೇಕಾದದ್ದು ಎರಡನೆಯದು. ನಮ್ಮ ಸರಕಾರಿ ‘ತಕ್ಕದ್ದು’ ಶೈಲಿ ಎರಡಕ್ಕೂ ಸೇರಿದ್ದಲ್ಲ.

ಒಂದು ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಕ್ಷೇಮ. ‘ಜಾಲರಿಯನ್ನು ಸ್ವಚ್ಛ ಮಾಡಿ, ಪ್ಲಗ್ ತೆಗೆದು ನಲ್ಲಿ ಮುಚ್ಚಿದ ನಂತರ’ ಅನ್ನುವ ಕ್ರಮದಲ್ಲಿ ಇಂಗ್ಲಿಷ್ ವಾಕ್ಯ ಇತ್ತು. ಓದುತ್ತಾ ಓದುತ್ತಾ ಕೈ ಹಾಕುವವರು ಮೊದಲು ಜಾಲರಿಗೇ ಕೈ ಹಾಕುತ್ತಾರೆ. ಕನ್ನಡದ ಜಾಯಮಾನದಲ್ಲಿ ‘ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಆಮೇಲೆ ಜಾಲರಿ ತೊಳೆಯಿರಿ’ ಅಂತ ತಾನಾಗಿಯೇ ಸರಿಯಾದ ಕ್ರಮ ಬರುತ್ತದೆ. ಇಂಗ್ಲಿಷಿನ ಸಾಲನ್ನೇ ಹಿಡಿದು ಹೊರಟರೆ ಈ ಲಾಭ ಕಳೆದುಹೋಗುತ್ತದೆ.

ಈಗ ‘ಒಂದು ಇ’. ಪುಟದ ಕೋಷ್ಟಕದಲ್ಲಿ 1E ಇರಲೇ ಇಲ್ಲ, ಇದ್ದದ್ದು IE. ಮೆಷಿನ್ನಿನ ಪರದೆ ಏಳು ಕಡ್ಡಿಯದ್ದು, ಕ್ಯಾಲ್ಕುಲೇಟರಿನಲ್ಲಿ ಎಂಟು ಬರೆಯಲು ಬೇಕಾಗುವ ಏಳು ಗೆರೆ. ಈ ಯೋಚನೆ ಎಲೆಕ್ಟ್ರಾನಿಕ್ಸಿಗಿಂತ ಹಳೆಯದು, 1900ರ ದಶಕದಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಅರ್ಜಿಗಳಿದ್ದವು. 1970ರ ದಶಕದಲ್ಲಿ ಎಲ್‌ಇಡಿ ಬಂದ ಮೇಲೆ ಎಲ್ಲೆಲ್ಲೂ ಹರಡಿತು. ಅಂಕಿ ತೋರಿಸಲು ಮಾಡಿದ್ದನ್ನು ಅಕ್ಷರಕ್ಕೆ ಎಳೆದರೆ ಎಲ್ಲ ಅಕ್ಷರಗಳೂ ಸರಿಯಾಗಿ ಮೂಡುವುದಿಲ್ಲ. ದೊಡ್ಡ D ಬರೆದರೆ ಸೊನ್ನೆ ಆಗುತ್ತದೆ, ಅದಕ್ಕೇ ಮುಚ್ಚಳದ ಸಂಕೇತ dE ಅಂತ ಸಣ್ಣಕ್ಷರದಲ್ಲಿ. I ಮತ್ತು 1, O ಮತ್ತು 0, S ಮತ್ತು 5 ಒಂದೇ ಥರ ಕಾಣುತ್ತವೆ. ದೊಡ್ಡಮ್ಮ ಓದಿದ್ದರಲ್ಲಿ ಏನೂ ಹೆಚ್ಚುಕಡಿಮೆ ಇರಲಿಲ್ಲ, ಪರದೆಯೇ ಹಾಗಿದೆ. ಆದರೆ ಇನ್ನೊಂದು ಕಂಪನಿಯ ಮೆಷಿನ್ನಿನಲ್ಲಿ 1E ಅಂತಲೇ ಒಂದು ಸಂಕೇತ ಇದೆ, ನೀರಿನ ಮಟ್ಟ ಅಳೆಯುವ ಸೆನ್ಸರ್ ಕೆಟ್ಟಿದೆ ಅಂತ ಅದರ ಅರ್ಥ. ಹಾಗಾಗಿ ಸಂಕೇತಕ್ಕೆ ಕಂಪನಿ, ಮಾಡೆಲ್ ಎರಡೂ ಜೊತೆಗಿಲ್ಲದೆ ಅರ್ಥವೇ ಇಲ್ಲ. ಕನ್ನಡಕ್ಕೆ ಇಳಿಸಿ ‘ಐಇ’, ‘ಯುಇ’ ಅಂತ ಬರೆಯುವುದೂ ಸಲ್ಲ. ಕೆಲವು ಮೆಷಿನ್‌ಗಳಲ್ಲಿ ಸಣ್ಣಕ್ಷರದ uE ಅಂದರೆ ‘ಬಟ್ಟೆ ಒಂದೇ ಬದಿಗೆ ಸೇರಿದೆ, ನಾನೇ ಸರಿ ಮಾಡುತ್ತಿದ್ದೇನೆ’, ದೊಡ್ಡಕ್ಷರದ UE ಅಂದರೆ ‘ನನ್ನಿಂದಾಗಲಿಲ್ಲ, ನೀವೇ ಬಿಡಿಸಿ ಹಾಕಿ’. ನಮ್ಮ ಲಿಪಿಯಲ್ಲಿ ದೊಡ್ಡ ಸಣ್ಣ ಅಕ್ಷರ ಎಲ್ಲಿದೆ?

IE ಅಂದರೆ ನೀರು ಒಳಬರುವುದರ ತೊಂದರೆ. ಪಕ್ಕದ ಮನೆಯ ಹುಡುಗ ಅದಾಗಲೇ ‘ನೀರಿಲ್ಲ’ ಅಂತ ಅನುವಾದ ಮಾಡಿಕೊಟ್ಟಿದ್ದ. ದೊಡ್ಡಮ್ಮ ನಲ್ಲಿ ತಿರುಗಿಸಿ ನೋಡಿದರು, ನೀರಿತ್ತು. ಹಾಗಾದರೆ ಮೆಷಿನ್ನೇ ಹಾಳು ಅಂತ ತೀರ್ಮಾನ. ಮೆಷಿನ್ನಿಗೆ ನಿಜವಾಗಿ ಗೊತ್ತಿರುವುದು ಏನು? ಅದು ನಲ್ಲಿಯನ್ನು ನೋಡಿಲ್ಲ. ವಾಲ್ವ್ ತೆರೆಯಿತು, ಇಂತಿಷ್ಟು ನಿಮಿಷ ಕಾಯಿತು, ಡ್ರಮ್ಮಿನಲ್ಲಿ ನೀರು ಬೇಕಾದ ಮಟ್ಟಕ್ಕೆ ಏರಲಿಲ್ಲ. ಅಷ್ಟೇ. ಎರರ್ ಕೋಡ್ ಹೇಳುವುದು ಮೆಷಿನ್ ಕಂಡದ್ದನ್ನು, ಕಾರಣವನ್ನಲ್ಲ. ಹಾಗಾಗಿ ನಾನು ಬರೆದದ್ದು: ‘IE: ಇಷ್ಟು ಹೊತ್ತು ಕಾದರೂ ಸಾಕಷ್ಟು ನೀರು ತುಂಬಲಿಲ್ಲ.’

ಆಮೇಲೆ ಕಾರಣ ಹುಡುಕಿದೆವು. ಮ್ಯಾನುವಲ್‌ನ ಇನ್ನೊಂದು ಪುಟದಲ್ಲಿ ನೀರಿನ ಒತ್ತಡ ಕನಿಷ್ಠ 30 ಕಿಲೋಪಾಸ್ಕಲ್ ಇರಬೇಕು ಅಂತಿತ್ತು. ಒಂದು ಮೀಟರ್ ಎತ್ತರದ ನೀರಿಗೆ ಸುಮಾರು 10 ಕಿಲೋಪಾಸ್ಕಲ್ ಲೆಕ್ಕ, ಅಂದರೆ ಟ್ಯಾಂಕಿನ ನೀರು ಮೆಷಿನ್ನಿನ ವಾಲ್ವಿಗಿಂತ ಮೂರು ಮೀಟರ್ ಮೇಲಿರಬೇಕು. ದೊಡ್ಡಮ್ಮನ ಟ್ಯಾಂಕ್ ಬಚ್ಚಲಿನ ಸ್ಲ್ಯಾಬಿನ ಮೇಲೆ, ಹೆಚ್ಚೆಂದರೆ ಎರಡು ಮೀಟರ್. ಹೊಸತರಲ್ಲಿ ಹೇಗೋ ಸಮಯದೊಳಗೆ ತುಂಬುತ್ತಿತ್ತು. ಮಳೆಗಾಲದಲ್ಲಿ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ನೀರಿನ ಜೊತೆ ಕೆಂಪು ಮಣ್ಣೂ ಬಂತು, ವಾಲ್ವಿನ ಬಾಯಲ್ಲಿರುವ ಪುಟ್ಟ ಜಾಲರಿ ಕಟ್ಟಿತು. ಎರಡೂ ಸೇರಿ IE. ಯಾವುದು ಅಂತ ತಿಳಿಯಲು ಸುಲಭದ ದಾರಿ ಇದೆ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಮೆಷಿನ್ನಿನ ಬದಿಯಿಂದ ಪೈಪ್ ಬಿಚ್ಚಿ ಬಾಲ್ದಿಗೆ ಹಿಡಿದು ನಲ್ಲಿ ಬಿಡಿ. ಬಾಲ್ದಿ ಬೇಗ ತುಂಬಿದರೆ ಜಾಲರಿ ಕಟ್ಟಿದೆ, ನಿಧಾನ ತುಂಬಿದರೆ ಒತ್ತಡವೇ ಸಾಲದು. ಇಲ್ಲಿ ಮಧ್ಯಮವಾಗಿ ತುಂಬಿತು. ಜಾಲರಿ ತೊಳೆದ ಮೇಲೆ ಮೆಷಿನ್ ಸದ್ಯಕ್ಕೆ ನಡೆಯಿತು, ಟ್ಯಾಂಕಿಗೆ ಸ್ಟ್ಯಾಂಡ್ ಕಟ್ಟಿಸುವ ಮಾತು ಇನ್ನೂ ಮಾತಾಗಿಯೇ ಇದೆ.

ಹೆಬ್ಬೆರಳಿನಡಿಯ ಕೊನೆಯ ಸಾಲು dE ಇರಬೇಕು ಅಂತ ಅನಿಸಿತ್ತು, ಆದರೂ ಎರಡನೇ ಫೋಟೋ ತರಿಸಿಕೊಂಡೇ ಬರೆದೆ. dEಯೇ ಆಗಿತ್ತು.

ನನ್ನ ಅನುವಾದವನ್ನು ಕಡಬದ ಒಬ್ಬ ರಿಪೇರಿಯವರಿಗೆ ತೋರಿಸಿದೆ. ಅವರು ಓದಿ, ಸರಿಯಿದೆ ಅಂತ ತಲೆಯಾಡಿಸಿ, ತಮ್ಮ ಬ್ಯಾಗಿನಿಂದ ಒಂದು ಹಳೇ ಪಾಕೆಟ್ ಡೈರಿ ತೆಗೆದರು. ಪುಟಕ್ಕೊಂದು ಕಂಪನಿ. ಎಡಕ್ಕೆ ಸಂಕೇತ, ಪರದೆಯಲ್ಲಿ ಕಾಣುವ ಹಾಗೇ ಕಡ್ಡಿ ಕಡ್ಡಿಯಾಗಿ ಬಿಡಿಸಿದ್ದು. ಬಲಕ್ಕೆ ಕನ್ನಡ. ‘ನೀರು ಲೇಟು, ಜಾಲಿ ನೋಡು.’ ‘ನೀರು ಹೋಗ್ತಿಲ್ಲ, ಪೈಪ್ ಮಡ್ಚಿರ್ಬೇಕು.’ ‘ಕಂಬ್ಳಿ ಒಂದೇ ಹಾಕಿದ್ದಾರೆ.’ ನಾನು ಒಂದೂವರೆ ಸಾಲು ಬರೆದಲ್ಲಿ ಅವರದ್ದು ಮೂರ್ನಾಲ್ಕು ಪದ. ಡೈರಿಯ ಮೊದಲ ಪುಟದಲ್ಲಿ ಮಾತ್ರ ಯಾವ ಕಂಪನಿಯ ಹೆಸರೂ ಇಲ್ಲ, ಕೆಂಪು ಪೆನ್ನಿನಲ್ಲಿ ಒಂದೇ ಸಾಲು: ‘ಪಸ್ಟ್ ಪ್ಲಗ್ ತೆಗಿ. ಅಡಪ್ಟರ್ ಉಂಟಾ ನೋಡು.’